ಮೊದಲ ಭೇಟಿಯನ್ನು ಕ್ರಮಬದ್ಧವಾಗಿ ಕೆಡಿಸಿಕೊಳ್ಳುವ ವಿಧಾನ

ಜಾಗದಿಂದ ಶುರುಮಾಡಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಶನಿವಾರ ಸಂಜೆ ಏಳು ಗಂಟೆ ಗೊತ್ತುಮಾಡಿಕೊಳ್ಳಿ. ಬೆಂಗಳೂರಿನವರಾದರೆ ಚರ್ಚ್ ಸ್ಟ್ರೀಟ್ ಕಡೆಯ ಯಾವುದಾದರೂ ಕೆಫೆ ನೋಡಿ: ಗೋಡೆ ಬರೀ ಕಾಂಕ್ರೀಟು, ನೆಲ ಟೈಲ್ಸು, ಪರದೆ ಅನ್ನುವುದು ಎಲ್ಲೂ ಇರಬಾರದು. ಕುರ್ಚಿ ಎಳೆದರೆ ಕಿರ್ ಎನ್ನಬೇಕು. ಕಾಫಿ ಬೀಜ ಅರೆಯುವ ಯಂತ್ರ, ಹಾಲು ಕಾಯಿಸುವ ಹಬೆಯ ಸದ್ದು, ಪಕ್ಕದ ಮೇಜಿನ ಬರ್ತ್‌ಡೇ ಹಾಡು, ಇವೆಲ್ಲ ಕೇಳಿಸುವ ನಟ್ಟನಡುವಿನ ಮೇಜನ್ನೇ ಹಿಡಿಯಿರಿ. ಬೇಡದ ಸದ್ದನ್ನು ತಾನಾಗಿ ಬದಿಗೆ ಸರಿಸುವ ಕೆಲಸವನ್ನು ನಿಮ್ಮ ಮಿದುಳು ಮಾಡುವುದಿಲ್ಲವೆಂದು ನಿಮಗೆ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಎದುರಿನವರ ಮಾತು, ಹಿಂದಿನವರ ಮಾತು, ಮಿಕ್ಸರಿನ ಮಾತು ಮೂರೂ ಒಂದೇ ಎತ್ತರದಲ್ಲಿ ಕಿವಿಗೆ ಬೀಳುತ್ತವೆ. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಅಕ್ಕಪಕ್ಕ ನಡೆಯೋಣವೇ ಎಂದು ಕೇಳುವ ದುಡುಕು ಮಾಡಬೇಡಿ. ನಡೆಯುವಾಗ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ, ಮಾತು ನಿಂತರೂ ಕಾಲು ನಡೆಯುತ್ತಿರುತ್ತದೆ. ಕೆಡಿಸುವುದಕ್ಕೆ ಅಲ್ಲಿ ಅವಕಾಶ ಕಡಿಮೆ.

ಈ ಕೈಪಿಡಿ ಯಾರಿಗೆಂದು ಹೇಳಿಬಿಡುತ್ತೇನೆ. ಮುಖ, ದನಿ, ಮೌನಗಳಲ್ಲಿ ಅಡಗಿಸಿಟ್ಟ ಮಾತನ್ನು ಓದುವುದು ಕಷ್ಟವಾಗುವವರಿಗೆ. ಆಟಿಸಂ ಇರುವವರು, ಎಡಿಎಚ್‌ಡಿ ಇರುವವರು, ಯಾವ ಹೆಸರೂ ಅಂಟದೆ ಮನೆಯಲ್ಲಿ 'ಅವನು ಸ್ವಲ್ಪ ಹಾಗೇ ಬಿಡಿ', 'ಇವಳು ಜಾಸ್ತಿ ಬೆರೆಯಲ್ಲ' ಅನ್ನಿಸಿಕೊಂಡು ದೊಡ್ಡವರಾದವರು, ಎಲ್ಲರೂ ಬರಬಹುದು. ಪ್ರವೇಶ ಉಚಿತ.

ಭೇಟಿಗೆ ಮುಂಚಿನ ಎರಡು ವಾರ ಮೊಬೈಲಿನಲ್ಲಿ ನಡೆದ ಮಾತುಕತೆ ಚೆನ್ನಾಗಿತ್ತು ತಾನೆ? ಅದನ್ನು ಮರೆತುಬಿಡಿ. ಬರೆದ ಮಾತಿನಲ್ಲಿ ನೀವು ತಮಾಷೆಯವರು, ತಿಳಿದವರು, ಎದುರಿನವರ ಅಜ್ಜಿಯ ಮೊಣಕಾಲಿನ ಆಪರೇಷನ್ ಯಾವಾಗ ಎಂದು ನೆನಪಿಟ್ಟು ಕೇಳಿದವರು. ಮುಖಾಮುಖಿಯಾದಾಗ ಮಾತ್ರ ಏನೋ ಹದ ತಪ್ಪುತ್ತದೆ. ತಪ್ಪು ನಿಮ್ಮ ವಿಷಯದಲ್ಲಿದೆ, ವ್ಯಕ್ತಿತ್ವದಲ್ಲಿದೆ ಎಂದೇ ನಂಬಿ. ಟೆಕ್ಸಾಸ್ ವಿಶ್ವವಿದ್ಯಾಲಯದ ಡಲ್ಲಾಸ್ ಶಾಖೆಯ ನೋವಾ ಸ್ಯಾಸನ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಲೇಬೇಡಿ. ಆಟಿಸಂ ಇರುವವರ ಕೆಲವೇ ಸೆಕೆಂಡುಗಳ ವಿಡಿಯೊ ನೋಡಿದ ಜನ, ಇವರ ಜೊತೆ ಮಾತಾಡುವ ಮನಸ್ಸು ಅಷ್ಟಾಗಿ ಇಲ್ಲ ಎಂದರಂತೆ. ಅದೇ ಮಾತುಗಳನ್ನು ಬರೀ ಅಕ್ಷರದಲ್ಲಿ ಓದಲು ಕೊಟ್ಟಾಗ ಆ ಹಿಂಜರಿಕೆ ಕಾಣಲಿಲ್ಲವಂತೆ. ಅಂದರೆ ಕಿರಿಕಿರಿಯಾದದ್ದು ಹೇಳಿದ ವಿಷಯದಿಂದಲ್ಲ, ಹೇಳುವಾಗಿನ ಮುಖ ಮತ್ತು ದನಿಯಿಂದ. ಇಂಥದ್ದು ಗೊತ್ತಾದರೆ ನಿಮಗೆ ಸ್ವಲ್ಪ ಸಮಾಧಾನವಾದೀತು. ಸಮಾಧಾನ ನಮ್ಮ ಪಠ್ಯಕ್ರಮದಲ್ಲಿಲ್ಲ.

ಕೂತ ತಕ್ಷಣ ಕಣ್ಣಿನ ಕೆಲಸ ಶುರುಮಾಡಿ. ಎದುರಿನವರ ಎರಡು ಹುಬ್ಬುಗಳ ನಡುವೆ ಒಂದು ಬಿಂದುವನ್ನು ಗೊತ್ತುಮಾಡಿಕೊಂಡು ಅಲ್ಲಿ ದೃಷ್ಟಿ ನೆಡಿ. ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸಿ. ಆಮೇಲೆ ಲೋಟದ ಕಡೆ ನೋಡಿ, ಒಂದು, ಎರಡು. ಮತ್ತೆ ಹುಬ್ಬು. ಈ ನಡುವೆ ಅವರು ತಮ್ಮ ತಂಗಿ ಧಾರವಾಡದಲ್ಲಿ ಎಂಎಸ್ಸಿ ಬಿಟ್ಟು ಬಂದ ಕಥೆ ಹೇಳಿರುತ್ತಾರೆ. ನಿಮಗೆ ಎಣಿಕೆ ಮಾತ್ರ ನೆನಪಿರುತ್ತದೆ. ಅವರು ಕಥೆ ಮುಗಿಸಿ ನಿಮ್ಮನ್ನು ನೋಡಿದಾಗ 'ಒಳ್ಳೆಯದು' ಎಂದು ಹೇಳಿ ಮುಗುಳ್ನಗಿ.

ಉತ್ತರಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳಬೇಕು ಎಂಬುದೂ ಲೆಕ್ಕದ ವಿಷಯವೇ. ಜಗತ್ತಿನ ಬೇರೆಬೇರೆ ಕಡೆಯ ಹತ್ತು ಭಾಷೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಪಾಲಿನಷ್ಟು. ಅಷ್ಟರಲ್ಲಿ ಯಾರೂ ಯೋಚಿಸಿ ಉತ್ತರಿಸಲಾರರು, ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ ತಯಾರಾಗುತ್ತಿರುತ್ತದೆ. ನೀವೋ ಪ್ರಶ್ನೆ ಪೂರ್ತಿ ಕೇಳಿಸಿಕೊಂಡು, ಅದರ ಅರ್ಥವನ್ನು ಎರಡು ಸಲ ತೂಗಿ, ನಿಜವಾದ ಉತ್ತರವನ್ನು ಹುಡುಕುವವರು. ಎರಡು ಸೆಕೆಂಡು ಹಿಡಿಯುತ್ತದೆ. ಆ ಎರಡು ಸೆಕೆಂಡಿನಲ್ಲಿ ಎದುರಿನವರು 'ಇವರಿಗೆ ನನ್ನ ಮೇಲೆ ಆಸಕ್ತಿಯಿಲ್ಲ' ಎಂಬ ತೀರ್ಮಾನ ಬರೆದು, ಸಹಿ ಹಾಕಿ, ಮುಚ್ಚಿಟ್ಟಿರುತ್ತಾರೆ. ಅದನ್ನು ಅವರಿಂದ ಬಿಚ್ಚಿಸಬೇಡಿ.

ಬಿಚ್ಚಿಸುವ ಮಾತೊಂದಿದೆ, ಅದನ್ನು ಯಾವ ಕಾರಣಕ್ಕೂ ಆಡಬೇಡಿ. 'ನಿಮ್ಮ ಮುಖ ನೋಡ್ತಾ ಇದ್ರೆ ಮಾತು ಕೇಳಿಸಲ್ಲ ನಂಗೆ. ಬೇರೆ ಕಡೆ ನೋಡ್ತಿದ್ದೀನಿ ಅಂದ್ರೆ ಚೆನ್ನಾಗಿ ಕೇಳಿಸ್ಕೊಳ್ತಿದ್ದೀನಿ ಅಂತ. ಉತ್ತರ ಹೇಳೋಕೂ ಸ್ವಲ್ಪ ಟೈಮ್ ಬೇಕು.' ಇಷ್ಟು ಹೇಳಲು ಹತ್ತು ಸೆಕೆಂಡೂ ಬೇಡ. ಅಪಾಯ ಇರುವುದೇ ಅಲ್ಲಿ. ಎದುರಿನವರು 'ಓ, ಹಾಗಾ, ಸರಿ' ಅಂದುಬಿಟ್ಟರೆ ಇಡೀ ಸಂಜೆ ನೀವು ಹುಬ್ಬು ಎಣಿಸುವ ಕಷ್ಟದಿಂದ ಪಾರಾಗಿಬಿಡುತ್ತೀರಿ. ಸಹಜರಂತೆ ನಟಿಸುವುದನ್ನೇ ಮುಂದುವರಿಸಿ. ಮನೆಗೆ ಬಂದು ದೀಪ ಆರಿಸಿ ಎರಡು ದಿನ ಯಾರ ಫೋನೂ ಎತ್ತದೆ ಮಲಗುವಷ್ಟು ದಣಿವಾದರೆ ನಟನೆ ಚೆನ್ನಾಗಿತ್ತು ಎಂದರ್ಥ. ಎದುರಿನವರು ಮೆಚ್ಚಿದರೂ ಅವರು ಮೆಚ್ಚಿದ್ದು ಆ ನಟನನ್ನು. ಎರಡನೇ ಭೇಟಿಗೂ ಅವನನ್ನೇ ಕಳಿಸಬೇಕಾಗುತ್ತದೆ, ಮೂರನೆಯದಕ್ಕೂ, ಪ್ರಾಯಶಃ ಮದುವೆಯ ಮಂಟಪಕ್ಕೂ.

ನಿಮಗೆ ಒಂದು ಪ್ರೀತಿಯ ವಿಷಯ ಇರುತ್ತದಲ್ಲ, ಅದನ್ನು ಬಳಸುವುದು ಹೇಗೆಂದು ನೋಡೋಣ. ರೈಲು ಎಂದಿಟ್ಟುಕೊಳ್ಳಿ. ಎದುರಿನವರು ಲೋಕಾಭಿರಾಮವಾಗಿ 'ಕಳೆದ ತಿಂಗಳು ಸುಬ್ರಹ್ಮಣ್ಯಕ್ಕೆ ರೈಲಲ್ಲಿ ಹೋಗಿದ್ದೆ' ಎನ್ನುತ್ತಾರೆ. ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗುವುದಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಘಾಟಿಯಲ್ಲಿ 57 ಸುರಂಗಗಳಿವೆ. ಒಂದರಿಂದ ಶುರುಮಾಡಿ. ಐವತ್ತಕ್ಕೆ ಒಂದರ ಏರು ಎಂದರೇನು, ಅದಕ್ಕೆ ರೈಲಿನ ಹಿಂದೆಯೂ ಎಂಜಿನ್ ಕಟ್ಟಿ ನೂಕಿಸುವುದು ಯಾಕೆ, ಎಲ್ಲ ಬರಲಿ. ಅವರು ಮೊದಲು 'ಹೌದಾ!' ಎನ್ನುತ್ತಾರೆ. ಆಮೇಲೆ 'ಹೌದಾ.' ಆಮೇಲೆ 'ಹ್ಞೂಂ'. ಈ ಮೂರನ್ನೂ ಒಂದೇ ಎಂದು ಭಾವಿಸಿ. ಆಸಕ್ತಿ ಇರುವವರು 'ಹೌದಾ' ಎಂಬಲ್ಲಿಗೆ ನಿಲ್ಲುವುದಿಲ್ಲ, ನೀವು ಹೇಳಿದ್ದರೊಳಗಿಂದಲೇ ಒಂದು ಪ್ರಶ್ನೆ ಎತ್ತುತ್ತಾರೆ: 'ಹಿಂದಿನ ಎಂಜಿನ್ ಡ್ರೈವರ್‌ಗೆ ಮುಂದಿನವರು ಏನ್ ಮಾಡ್ತಿದ್ದಾರೆ ಅಂತ ಹೇಗ್ ಗೊತ್ತಾಗುತ್ತೆ?' ಹೀಗೆ ಕೇಳಿದರೆ ಮುಂದುವರಿಸಬಹುದು, ಕೇಳದಿದ್ದರೆ ಐದನೇ ಸುರಂಗಕ್ಕೆ ನಿಲ್ಲಿಸಿ ಅವರ ಪ್ರಯಾಣ ಹೇಗಿತ್ತೆಂದು ವಿಚಾರಿಸಬಹುದು. ಮುಖದ ಗೆರೆ ಓದಲು ಬಾರದವರೂ ಪ್ರಶ್ನೆ ಬಂತೋ ಇಲ್ಲವೋ ಎಂದು ಲೆಕ್ಕ ಇಡಬಲ್ಲರು. ಅಷ್ಟು ಸುಲಭವಾದ್ದರಿಂದಲೇ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಸುರಂಗಗಳು ಬೇಡವೆಂದರೆ ಇನ್ನೊಂದು ತುದಿಗೆ ಹೋಗಿ: ರೈಲಿನ ಸುದ್ದಿಯೇ ಎತ್ತದೆ, 'ನಿಮ್ಮ ಹಾಬಿ ಏನು?' ಎಂದು ಸಂದರ್ಶನ ಶುರುಮಾಡಿ.

ಬಿಲ್ಲಿನ ಜಗಳವನ್ನು ಬೇಗ ದಾಟಿಬಿಡೋಣ. ಇಬ್ಬರೂ ಒಟ್ಟಿಗೆ ಮೊಬೈಲ್ ತೆಗೆದು ಸ್ಕ್ಯಾನ್ ಮಾಡಲು ಹೋಗಿ, ಅರ್ಧರ್ಧ ಎಂದು ತೀರ್ಮಾನವಾಗಿ, ಜಿಎಸ್‌ಟಿಯ ಹನ್ನೊಂದು ರೂಪಾಯಿಯನ್ನು ನೀವು ಎರಡರಿಂದ ಭಾಗಿಸಿ ತಲಾ ಐದೂವರೆ ರೂಪಾಯಿ ಎಂದು ಹೇಳಿರುತ್ತೀರಿ. ಪರವಾಗಿಲ್ಲ. ನಿಜವಾದ ಅವಕಾಶ ಮೆಟ್ರೊ ಸ್ಟೇಷನ್ನಿನ ಮೆಟ್ಟಿಲ ಹತ್ತಿರ ಬರುತ್ತದೆ. ಅಲ್ಲಿ ಅವರು 'ಸರಿ, ಸಿಗೋಣ' ಎನ್ನುತ್ತಾರೆ. ತಕ್ಷಣ ಮೊಬೈಲಿನ ಕ್ಯಾಲೆಂಡರ್ ತೆಗೆದು 'ಯಾವತ್ತು?' ಎಂದು ಕೇಳಿ. ಅದು ಬೀಳ್ಕೊಡುವ ಮಾತೋ ಆಹ್ವಾನವೋ ಎಂದು ಅವರಿಗೂ ಆ ಕ್ಷಣಕ್ಕೆ ಗೊತ್ತಿರುವುದಿಲ್ಲ.

ರಾತ್ರಿ ಒಂದು ಮೆಸೇಜು ಬಂದೀತು: 'ಊಟ ಆಯ್ತಾ?' ಇದಕ್ಕೆ ಪ್ರಾಮಾಣಿಕ ಉತ್ತರ ಕೊಡಿ. 'ಇಲ್ಲ. 9.10ಕ್ಕೆ ಮಾಡ್ತೀನಿ. ಅನ್ನ, ಹುರುಳಿಕಾಳು ಸಾರು. ಕಾಳು ಇನ್ನೂ ಬೆಂದಿಲ್ಲ.' ಅಲ್ಲಿಗೆ ಮಾತು ಮುಗಿಸಿ. ನಮ್ಮ ಕಡೆ ಇದು ಊಟದ ಪ್ರಶ್ನೆಯೇ ಅಲ್ಲ, ನಿನ್ನನ್ನು ನೆನೆಸಿಕೊಂಡೆ ಎಂದು ಹೇಳಲು ಸಂಕೋಚವಾದವರು ಬಡಿಯುವ ಬಾಗಿಲು. ಹುರುಳಿಕಾಳಿನಿಂದ ತೊಂದರೆಯೇನಿಲ್ಲ, ಸೊಗಸಾದ ಉತ್ತರ ಅದು. 'ನಿಮ್ಮದು?' ಎಂದು ವಾಪಸು ಕೇಳದಿದ್ದರೆ ಮಾತ್ರ ಕೆಡುತ್ತದೆ. ಆದ್ದರಿಂದ ಕೇಳಬೇಡಿ.

ಈಗ ಈ ಕೈಪಿಡಿಯ ಮುಖ್ಯ ಪಾಠಕ್ಕೆ ಬಂದೆವು. ಮೂರು ದಿನ ಕಳೆದಿದೆ. ನೀವು ಧೈರ್ಯ ಮಾಡಿ 'ಈ ಶನಿವಾರ ಸಿಗೋಣವಾ?' ಎಂದು ಕಳಿಸಿದ್ದೀರಿ. ಆರು ಗಂಟೆ ಬಿಟ್ಟು ಉತ್ತರ ಬಂದಿದೆ: 'ಅಯ್ಯೋ, ಈ ವಾರ ಸ್ವಲ್ಪ ಬಿಜಿ 😊 ನೋಡೋಣ!' ಇದನ್ನು ಓದುವ ವಿಧಾನ ಹೀಗೆ. ನಗುವ ಮುಖದ ಮೇಲೆ ಅರ್ಧ ಗಂಟೆ ಕಳೆಯಿರಿ. ಆಶ್ಚರ್ಯಸೂಚಕ ಚಿಹ್ನೆಯನ್ನು ಉತ್ಸಾಹವೆಂದು ಬರೆದುಕೊಳ್ಳಿ. ನೀಲಿ ಟಿಕ್ ಎಷ್ಟು ಹೊತ್ತಿಗೆ ಬಂತು, ಕೊನೆಯ ಸಲ ಆನ್‌ಲೈನ್ ಇದ್ದದ್ದು ಎಷ್ಟಕ್ಕೆ, 'typing...' ಎಂದು ತೋರಿಸಿ ಮತ್ತೆ ಮಾಯವಾದದ್ದು ಎಷ್ಟು ಸಲ, ಇವನ್ನೆಲ್ಲ ಒಂದು ಪಟ್ಟಿ ಮಾಡಿ.

ಒಂದನ್ನು ಮಾತ್ರ ನೋಡಬೇಡಿ: ಬೇರೆ ದಿನ ಸೂಚಿಸಿದ್ದಾರೆಯೇ? ನಿಜಕ್ಕೂ ಬಿಡುವಿಲ್ಲದೆ, ಆದರೆ ಮನಸ್ಸಿರುವವರು, 'ಶನಿವಾರ ಆಗಲ್ಲ, ಮಂಗಳವಾರ ಸಂಜೆ?' ಎನ್ನುತ್ತಾರೆ. ದಿನ ಹೆಸರಿಸದೆ, ವಾರ ಮಾತ್ರ ದೂಡಿ, 'ನೋಡೋಣ' ಎಂದರೆ ಬಹುಮಟ್ಟಿಗೆ ಅದು ಇಲ್ಲ. ಎರಡನೇ ಸಲವೂ ಹೀಗೇ ಬಂದರೆ ಬಹುಮಟ್ಟಿಗೆ ಎಂಬ ಮಾತನ್ನೂ ತೆಗೆದುಬಿಡಬಹುದು. ದನಿ, ಮುಖ, ಸ್ಮೈಲಿ ಯಾವುದನ್ನೂ ಓದಬೇಕಾಗಿಲ್ಲದ ಪರೀಕ್ಷೆ ಇದು, ತಪ್ಪುವುದೂ ಅಪರೂಪ. ತಪ್ಪಿದರೆ, ಅಂದರೆ ಅವರಿಗೆ ಮನಸ್ಸಿತ್ತು, ದಿನ ಹೇಳಲು ಮರೆತರು ಅಷ್ಟೇ ಅನ್ನುವುದಾದರೆ, ಮನಸ್ಸಿರುವವರು ತಾವಾಗಿಯೇ ಇನ್ನೊಂದು ಮೆಸೇಜು ಹಾಕುತ್ತಾರೆ. ಹೀಗೆ ಎರಡೂ ಕಡೆ ನಷ್ಟವಿಲ್ಲದ ವ್ಯವಸ್ಥೆಯಿಂದ ನಿಮಗೇನು ಪ್ರಯೋಜನ? ಪಟ್ಟಿಗೆ ಮರಳಿ.

ಪಟ್ಟಿ ಮುಗಿದ ಮೇಲೆ ಸ್ಕ್ರೀನ್‌ಶಾಟ್ ತೆಗೆದು ಮೂವರು ಗೆಳೆಯರಿಗೆ ಕಳಿಸಿ. ಒಬ್ಬ 'ಅವಳಿಗೆ ಇಷ್ಟ ಇದೆ ಮಗಾ, ಸತಾಯಿಸ್ತಿದಾಳೆ' ಎನ್ನುತ್ತಾನೆ. ಇನ್ನೊಬ್ಬಳು 'ಕೈ ಬಿಡು' ಎನ್ನುತ್ತಾಳೆ. ಮೂರನೆಯವನು ಎರಡು ದಿನ ಬಿಟ್ಟು ಸ್ಟೇಟಸ್ಸಿಗೆ ಒಂದು ಒಳ್ಳೆ ಫೋಟೊ ಹಾಕು ಎನ್ನುತ್ತಾನೆ. ಮೂವರೂ ಆ ಕೆಫೆಯಲ್ಲಿ ಇರಲಿಲ್ಲ, ಆದ್ದರಿಂದ ಮೂವರ ಮಾತಿಗೂ ಸಮಾನ ತೂಕ ಕೊಡಿ.

ಇಷ್ಟಾದ ಮೇಲೂ ನಿರ್ಧಾರಕ್ಕೆ ಬರಲಾಗದಿದ್ದರೆ ಹೋಳಿಗೆಯ ನಿಯಮ ಅನ್ವಯಿಸಿ. ನಮ್ಮ ಮನೆಗಳ ಊಟದ ಸಾಲಿನಲ್ಲಿ 'ಬೇಡ, ಸಾಕು' ಎಂದವರ ಎಲೆಗೆ ಇನ್ನೊಂದು ಹೋಳಿಗೆ ಬಿದ್ದು, ಅದರ ಮೇಲೆ ತುಪ್ಪ ಸುರಿಯುತ್ತದೆ. ಮೊದಲ 'ಬೇಡ' ಸೌಜನ್ಯಕ್ಕೆ, ಎರಡನೆಯದು ಸಂಕೋಚಕ್ಕೆ, ಮೂರನೆಯದಕ್ಕೆ ಎಲೆಯ ಮೇಲೆ ಕೈ ಅಡ್ಡ ಬಂದರೆ ಮಾತ್ರ ನಿಜ. ನೀವು ಮಗುವಾಗಿದ್ದಾಗಿನಿಂದ ಕಷ್ಟಪಟ್ಟು ಕಲಿತ ಕೆಲವೇ ಸಾಮಾಜಿಕ ನಿಯಮಗಳಲ್ಲಿ ಇದೊಂದು. ಇಷ್ಟು ಕಷ್ಟಪಟ್ಟು ಕಲಿತದ್ದನ್ನು ಊಟದ ಮನೆಯಲ್ಲೇ ಬಿಟ್ಟುಬರುವುದೇಕೆ? ಪ್ರೇಮಕ್ಕೂ ತನ್ನಿ. ಮತ್ತೊಂದು ಮೆಸೇಜು, ಅದರ ಮೇಲೆ ಮತ್ತೊಂದು, ಕೊನೆಗೆ ಅವರ ಆಫೀಸಿನ ಗೇಟಿನ ಹತ್ತಿರ 'ಆಕಸ್ಮಿಕವಾಗಿ' ಪ್ರತ್ಯಕ್ಷ. ನಮ್ಮ ಹಳೆಯ ಸಿನಿಮಾ ನಾಯಕರೂ ಇದೇ ದಾರಿ ಹಿಡಿದು ಇಂಟರ್‌ವಲ್ ಹೊತ್ತಿಗೆ ಯಶಸ್ವಿಯಾಗಿದ್ದಾರೆ.

ಇಲ್ಲಿ ಕಾನೂನಿನ ಒಂದು ಸಣ್ಣ ತೊಡಕಿದೆ. ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ, ಹೆಣ್ಣೊಬ್ಬಳು ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ಸೂಚಿಸಿದ ಮೇಲೂ ಗಂಡಸು ಮತ್ತೆಮತ್ತೆ ಸಂಪರ್ಕಿಸಲು ಯತ್ನಿಸುವುದು, ಹಿಂಬಾಲಿಸುವುದು ಅಪರಾಧ. ನೀವು 'ಸ್ಪಷ್ಟವಾಗಿ' ಎಂಬುದರ ಕೆಳಗೆ ಗೆರೆ ಎಳೆಯಿರಿ. 'ನೋಡೋಣ' ಎಂದರೆ ಸ್ಪಷ್ಟ ಹೇಗಾದೀತು ಎಂದು ವಾದಿಸಿ. ಇಂಗ್ಲೆಂಡಿನ ಸಿಲಿಯಾ ಕಿಟ್ಜಿಂಗರ್ ಮತ್ತು ಹನ್ನಾ ಫ್ರಿತ್ 1999ರಲ್ಲಿ ಬರೆದ ಲೇಖನ ನಿಮ್ಮ ವಾದವನ್ನು ಕೆಡಿಸುತ್ತದೆ, ಅದನ್ನು ದೂರವಿಡಿ. ಜನ ದಿನನಿತ್ಯದ ವ್ಯವಹಾರದಲ್ಲಿ ನಿರಾಕರಿಸುವುದೇ ಹೀಗೆ, ಒಂದು ತಡವರಿಕೆ, ಒಂದು ಮೆಚ್ಚುಗೆ, ಒಂದು ನೆಪ. 'ಇಲ್ಲ' ಎಂಬ ಪದ ಬಾರದೆಯೂ ಅದು ಇಲ್ಲವೆಂದು ಕೇಳುವವರಿಗೆ ಗೊತ್ತಾಗುತ್ತದೆ ಎಂದು ಅವರು ತೋರಿಸಿದರು. ನೇರವಾಗಿ ಬೇಡ ಎಂದರೆ ಈ ಗಂಡಸು ಹೇಗೆ ತಿರುಗಿಬಿದ್ದಾನೋ ಎಂಬ ಹೆದರಿಕೆಯಿಂದಲೂ ಹೆಣ್ಣುಮಕ್ಕಳು ಹೀಗೆ ಸುತ್ತಿ ಹೇಳುತ್ತಾರೆ. ಕಿಟ್ಜಿಂಗರ್-ಫ್ರಿತ್ ಲೇಖನ 'ಕೇಳುವವರಿಗೆ ಗೊತ್ತಾಗುತ್ತದೆ' ಎಂಬಲ್ಲಿ ನಿಮ್ಮನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ನಿಜ. ನಿಮಗೆ ಗೊತ್ತಾಗದೆ ಇರಬಹುದು. ಆದರೆ ಗೊತ್ತಾಗದಿದ್ದಾಗ ಕೇಳಬಹುದು ಎಂಬ ದಾರಿ ತೆರೆದೇ ಇರುತ್ತದೆ. ಆ ದಾರಿಗೆ ಮುಳ್ಳು ಹಾಕುವ ಸಲುವಾಗಿ, ಎಂದೂ ಕಳಿಸಬಾರದ ಮೆಸೇಜಿನ ಪೂರ್ತಿ ಪಾಠವನ್ನು ಇಲ್ಲಿ ಕೊಡುತ್ತಿದ್ದೇನೆ:

'ಶನಿವಾರ ಮಾತಾಡಿದ್ದು ನನಗೆ ಇಷ್ಟ ಆಯ್ತು. ಸೂಚನೆಯಲ್ಲಿ ಹೇಳಿದ್ದು ನನಗೆ ಸರಿಯಾಗಿ ತಿಳಿಯಲ್ಲ, ಅದಕ್ಕೆ ನೇರವಾಗಿ ಕೇಳ್ತಿದ್ದೀನಿ. ಇನ್ನೊಂದ್ಸಲ ಸಿಗೋ ಮನಸ್ಸಿದ್ರೆ ನಿಮಗೆ ಆಗೋ ದಿನ ಹೇಳಿ. ಬೇಡ ಅನ್ನಿಸಿದ್ರೆ ಬೇಡ ಅಂದ್ರೆ ಸಾಕು, ಉತ್ತರ ಬರೆಯದಿದ್ರೂ ಬೇಡ ಅಂತಲೇ ತಿಳ್ಕೋತೀನಿ. ಮತ್ತೆ ಕೇಳಲ್ಲ.'

ಇದನ್ನು ಒಂದೇ ಸಲ ಕಳಿಸಿ ಸುಮ್ಮನಾಗುವವರು ನಮ್ಮ ಪದ್ಧತಿಗೆ ಶತ್ರುಗಳು. ಮೌನಕ್ಕೂ ಮುಂಚೆಯೇ ಒಂದು ಅರ್ಥ ಗೊತ್ತುಮಾಡಿಬಿಟ್ಟರೆ ಕಾಯುವುದಕ್ಕೆ ಏನು ಉಳಿಯಿತು? ಕೊನೆಯ ವಾಕ್ಯವಂತೂ ತೀರಾ ಹಾನಿಕರ, ಎದುರಿನವರ ಹೆದರಿಕೆ ಹೋಗಿ ನಿಜ ಹೇಳಿಬಿಡುವ ಸಂಭವವಿದೆ.

ಮೇಜಿನ ಆಚೆ ಕೂತವರೂ ಈ ಕೈಪಿಡಿಯನ್ನು ಕೊಂಡಿರಬಹುದು, ಅವರಿಗೂ ನಾಲ್ಕು ಮಾತು. ನಿಮಗೆ ಸೂಚನೆಗಳು ಸಲೀಸು ಎಂದು ನೀವು ನಂಬಿದ್ದೀರಿ. ಆ ನಂಬಿಕೆಯನ್ನು ಕಾಪಾಡಿಕೊಳ್ಳಿ. ಎದುರಿನವರು ಕಿಟಕಿಯ ಕಡೆ ನೋಡಿದರೆ ಬೇಸರವೆಂದು, ನೇರ ಪ್ರಶ್ನೆ ಕೇಳಿದರೆ ಒರಟೆಂದು, ನಿಮ್ಮ ಕಥೆಗೆ ಪ್ರತಿಯಾಗಿ ತಮ್ಮ ಕಥೆ ಹೇಳಿದರೆ ಸ್ವಾರ್ಥವೆಂದು ಓದಿಕೊಳ್ಳಿ. 'ನನಗೂ ಹೀಗೇ ಆಗಿತ್ತು' ಎನ್ನುವುದು ಅವರ ಲೋಕದಲ್ಲಿ ಕೈ ಹಿಡಿದ ಹಾಗೆ ಎಂದು ತಿಳಿದುಕೊಳ್ಳಲು ಹೋಗಬೇಡಿ. ತಾವೇ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ಮಾತು ಎತ್ತಿದರು: ಇಲ್ಲಿ ಒಬ್ಬರಿಗೆ ಮಾತ್ರ ಓದಲು ಬರುವುದಿಲ್ಲ ಎಂದಲ್ಲ, ಇಬ್ಬರಿಗೂ ಪರಸ್ಪರ ಓದಲು ಬರುವುದಿಲ್ಲ. ಕ್ಯಾಥರಿನ್ ಕ್ರಾಂಪ್ಟನ್ ತಂಡ 2020ರಲ್ಲಿ ಇದನ್ನು ಪರೀಕ್ಷೆಗೇ ಒಡ್ಡಿತು. ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಒಂದು ಕಥೆ ದಾಟಿಸುವ ಆಟ. ಆಟಿಸಂ ಇರುವವರೇ ಇದ್ದ ಸಾಲಿನಲ್ಲಿ ಕಥೆ, ಇಲ್ಲದವರ ಸಾಲಿನಷ್ಟೇ ಚೆನ್ನಾಗಿ ಕೊನೆ ಮುಟ್ಟಿತು. ಬೆರಕೆ ಸಾಲಿನಲ್ಲಿ ಹೆಚ್ಚು ಸೋರಿತು. ಅಂದರೆ ಆ ಪರೀಕ್ಷೆಯ ಪ್ರಕಾರ ಸೋರಿಕೆ ಒಬ್ಬರ ತಲೆಯಲ್ಲಿಲ್ಲ, ಇಬ್ಬರ ನಡುವೆ ಇದೆ. ಇದನ್ನು ಒಪ್ಪಿಕೊಂಡರೆ ನೀವೂ ಸ್ವಲ್ಪ ಕೆಲಸ ಮಾಡಬೇಕಾಗುತ್ತದೆ, 'ನೋಡೋಣ' ಎನ್ನುವ ಬದಲು 'ಇಲ್ಲ, ಆದರೆ ಮಾತು ಚೆನ್ನಾಗಿತ್ತು' ಎಂದು ಬರೆಯಬೇಕಾಗುತ್ತದೆ. ಬೇಡ ಬಿಡಿ. ಆರು ಗಂಟೆ ಬಿಟ್ಟು ಸ್ಮೈಲಿ ಕಳಿಸಿ.

ಆಟಿಸಂ ಇದೆ ಎಂದು ಯಾವಾಗ ಹೇಳಬೇಕು ಎಂದು ಕೆಲವರು ಕೇಳುತ್ತಾರೆ. ಎರಡೇ ಸರಿಯಾದ ಸಮಯಗಳಿವೆ: ಪರಿಚಯವಾದ ಮೊದಲ ನಿಮಿಷ, ವೈದ್ಯರ ವರದಿಯ ಪಿಡಿಎಫ್ ಸಮೇತ, ಇಲ್ಲವೇ ಲಗ್ನಪತ್ರಿಕೆ ಅಚ್ಚಾದ ಮೇಲೆ. ಎರಡನೆಯದಕ್ಕೆ ಮನೆಯವರ ಪೂರ್ತಿ ಸಹಕಾರ ಸಿಗುತ್ತದೆ, 'ಮದುವೆ ಆದ್ಮೇಲೆ ಎಲ್ಲ ಸರಿ ಹೋಗುತ್ತೆ' ಎಂದು ಅವರು ಮೊದಲಿನಿಂದ ಹೇಳುತ್ತಲೇ ಇದ್ದಾರೆ. ನಡುವಿನ ದಾರಿ ಹಿಡಿಯಬೇಡಿ. ಹೆಸರು ಹೇಳದೆ, ಬೇಕಾದ ಅನುಕೂಲವನ್ನಷ್ಟೇ ಹೇಳುವವರಿದ್ದಾರೆ: 'ಗದ್ದಲ ಇದ್ರೆ ನನಗೆ ಕೇಳಿಸಲ್ಲ, ಹೊರಗೆ ಕೂರೋಣವಾ?' ಎರಡನೇ ಮೂರನೇ ಭೇಟಿಯಲ್ಲಿ ಮನಸ್ಸು ಕೂತರೆ ಹೆಸರನ್ನೂ ಹೇಳುತ್ತಾರೆ. ಎದುರಿನವರು ಆ ಸಣ್ಣ ಕೋರಿಕೆಗೆ ಹೇಗೆ ನಡೆದುಕೊಂಡರು ಎಂಬುದರಿಂದಲೇ ದೊಡ್ಡ ಮಾತು ಹೇಳಬೇಕೋ ಬೇಡವೋ ಎಂದು ಅಳೆಯುತ್ತಾರೆ. ಇಂಥ ಲೆಕ್ಕಾಚಾರ ಮೋಸಕ್ಕೆ ಸಮಾನ.

ಕೊನೆಯದಾಗಿ, ಅಪರೂಪಕ್ಕೆ ನಿಮಗೆ ಇಂಥದೊಂದು ಉತ್ತರ ಬರಬಹುದು: 'ಶನಿವಾರ ಆಗಲ್ಲ. ಭಾನುವಾರ ಬೆಳಿಗ್ಗೆ 8ಕ್ಕೆ ಕಬ್ಬನ್ ಪಾರ್ಕ್, ಬಾಲಭವನದ ಗೇಟು. 9.30ಕ್ಕೆ ನಾನು ಹೊರಡ್ಬೇಕು. ಹಿಂದಿನ ಎಂಜಿನ್ ಡ್ರೈವರ್ ವಿಷಯ ಅರ್ಧಕ್ಕೇ ನಿಂತಿತ್ತು.' ಗಾಬರಿಯಾಗಬೇಡಿ. ಇದರಲ್ಲಿ ಎಲ್ಲ ಅರ್ಥವೂ ಮೇಲೆಯೇ ಇದೆ, ಆದ್ದರಿಂದ ಒಳಗೆ ಇನ್ನೇನೋ ಇರಲೇಬೇಕು. ತಕ್ಷಣ ಒಪ್ಪಬೇಡಿ. ಸ್ಕ್ರೀನ್‌ಶಾಟ್ ತೆಗೆದು ಮೂವರಿಗೂ ಕಳಿಸಿ, ಅವರ ಅಭಿಪ್ರಾಯ ಬರುವಷ್ಟರಲ್ಲಿ ಸೋಮವಾರ ಆಗಿರುತ್ತದೆ.